ಸೋಫಾಗೆ ಚರ್ಮವೋ, ರೆಕ್ಸಿನ್ನೋ, ಬಟ್ಟೆಯೋ: ಮೈಸೂರಿನ ಬಿಸಿಲು, ಒಂದು ನಾಯಿ, ಒಂದು ಬೆಕ್ಕು

ಏಪ್ರಿಲ್ ಮಧ್ಯಾಹ್ನ ನಮ್ಮ ಕುವೆಂಪುನಗರದ ಮನೆಯ ಹಾಲ್‌ಗೆ ಪಶ್ಚಿಮದ ಬಿಸಿಲು ನೇರವಾಗಿ ಬೀಳುತ್ತದೆ. ಹೊರಗೆ 35 ಡಿಗ್ರಿ ಇರುತ್ತದೆ. ಆಗ ನಮ್ಮ ಹಳೇ ರೆಕ್ಸಿನ್ ಸೋಫಾದಿಂದ ಯಾರಾದರೂ ಎದ್ದರೆ ಚರ್‍ ಅಂತ ಶಬ್ದ ಬರುತ್ತಿತ್ತು. ತೊಡೆ, ಮೊಣಕೈ ಎಲ್ಲಾ ಅಂಟಿಕೊಳ್ಳುತ್ತಿತ್ತು. ನಮ್ಮ ನಾಯಿ ಕರಿಯ ಮಾರ್ಚ್ ಬಂತೆಂದರೆ ಸೋಫಾ ಬಿಟ್ಟು ರೆಡ್ ಆಕ್ಸೈಡ್ ನೆಲದ ಮೇಲೆ ಕಾಲು ಚಾಚಿ ಮಲಗುತ್ತಿದ್ದ. ಅವನಿಗೆ ಗೊತ್ತಾಗಿದ್ದು ನಮಗೆ ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು.

ಆ ನಾಲ್ಕು ವರ್ಷ ಮುಗಿಯುವ ಹೊತ್ತಿಗೆ ತಲೆ ಒರಗಿಸುವ ಜಾಗದಲ್ಲಿ ರೆಕ್ಸಿನ್ ಚಕ್ಕೆ ಚಕ್ಕೆಯಾಗಿ ಉದುರಲು ಶುರುವಾಯಿತು. ದಿನಾ ಬೆಳಿಗ್ಗೆ ಕಸ ಗುಡಿಸಿದರೆ ಮೊರದಲ್ಲಿ ಕಪ್ಪು ಚೂರುಗಳು. ಅಂಗಡಿಯವರು ಮಾರುವಾಗ ಇದನ್ನು ಲೆದರ್ ಅಂತಲೇ ಹೇಳಿದ್ದರು. ಮರದ ಚೌಕಟ್ಟು ಮಾತ್ರ ಗಟ್ಟಿಮುಟ್ಟಾಗಿತ್ತು. ಹಾಗಾಗಿ ಹೊಸ ಸೋಫಾ ತರುವ ಬದಲು ಇದಕ್ಕೇ ಹೊಸ ಫೋಮ್, ಹೊಸ ಹೊದಿಕೆ ಹಾಕಿಸೋಣ ಅಂತ ತೀರ್ಮಾನಿಸಿದೆವು. ಆಗ ನಾನು ಕಲಿತದ್ದು ಇಲ್ಲಿದೆ. ಹೊಸ ಸೋಫಾ ಕೊಳ್ಳುವವರಿಗೂ ಇದೇ ಲೆಕ್ಕ.

ಮೊದಲು ಫೋಮ್, ಆಮೇಲೆ ಬಣ್ಣ

ಎಲ್ಲರೂ ಮೊದಲು ನೋಡುವುದು ಬಣ್ಣ. ನಾನೂ ಹಾಗೇ ಮಾಡಿದೆ. ಕುಶನ್ ಕೆಲಸದ ಅಣ್ಣ ಮಾತ್ರ ಕ್ಯಾಟಲಾಗನ್ನು ಪಕ್ಕಕ್ಕಿಟ್ಟು, "ಅಕ್ಕಾ, ಬಟ್ಟೆ ಯಾವಾಗ ಬೇಕಾದ್ರೂ ಬದಲಾಯಿಸಬಹುದು. ಒಳಗಡೆ ಏನು ಹಾಕಿಸ್ತೀರಿ ಹೇಳಿ" ಅಂದರು.

ಅಂಗಡಿಯಲ್ಲಿ ಫೋಮನ್ನು "32 ಡೆನ್ಸಿಟಿ", "40 ಡೆನ್ಸಿಟಿ" ಅಂತ ಮಾರುತ್ತಾರೆ. ಆ ಸಂಖ್ಯೆಗೆ ಅರ್ಥ ಸರಳ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಫೋಮ್ ಎಷ್ಟು ಕಿಲೋ ತೂಗುತ್ತದೋ ಅದೇ ಅದರ ಡೆನ್ಸಿಟಿ. ಒಂದೇ ಅಳತೆಯ ತುಂಡಿನಲ್ಲಿ ಮಾಲು ಜಾಸ್ತಿ ಇದ್ದರೆ ಅದು ಬೇಗ ಕುಗ್ಗುವುದಿಲ್ಲ, ಗುಂಡಿ ಬೀಳುವುದಿಲ್ಲ.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಅಂದುಕೊಳ್ಳುತ್ತಾರೆ. ಹಾಗಲ್ಲ. 40 ಡೆನ್ಸಿಟಿಯಲ್ಲೇ ಮೆತ್ತಗಿನದೂ ಇದೆ, ಗಟ್ಟಿಯದೂ ಇದೆ. ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನು ಡೆನ್ಸಿಟಿ ಹೇಳುತ್ತದೆ. ಕೂತರೆ ಎಷ್ಟು ಇಳಿಯುತ್ತದೆ ಅನ್ನುವುದು ಬೇರೆ ವಿಷಯ, ಅದನ್ನು ಕೂತೇ ನೋಡಬೇಕು. ಹೊಸ 23 ಡೆನ್ಸಿಟಿ ಫೋಮನ್ನು ಅಂಗಡಿಯಲ್ಲಿ ಒತ್ತಿದರೆ ಅದೂ ಗಟ್ಟಿಯಾಗಿಯೇ ಇರಬಹುದು. ವರ್ಷ ಎರಡು ವರ್ಷದಲ್ಲಿ ನಡುವೆ ತಗ್ಗಾದಾಗ ನಿಜ ಗೊತ್ತಾಗುತ್ತದೆ.

ದಿನಾ ಮನೆಮಂದಿಯೆಲ್ಲಾ ಕೂರುವ ಸೀಟಿಗೆ 32ಕ್ಕಿಂತ ಕಡಿಮೆ ಬೇಡ. ನಾಯಿ ಇದ್ದರೆ 40 ಹಾಕಿಸಿ. ಯಾಕೆಂದರೆ ಮನುಷ್ಯ ಕೂತರೆ ಭಾರ ಹರಡುತ್ತದೆ. ಮೂವತ್ತು ಕಿಲೋ ನಾಯಿ ಹಾರಿ ಇಳಿದಾಗ ಅಷ್ಟೂ ಭಾರ ನಾಲ್ಕು ಪಾದದ ಮೇಲೆ ಬೀಳುತ್ತದೆ. ಅದೂ ಯಾವಾಗಲೂ ಒಂದೇ ಮೂಲೆಯಲ್ಲಿ. ಕರಿಯ ಮಲಗುವ ಮುಂಚೆ ಆ ಮೂಲೆಯಲ್ಲಿ ಮೂರು ಸುತ್ತು ತಿರುಗಿ ಕೆರೆದು ಮಲಗುತ್ತಾನೆ. ಹಳೇ ಸೋಫಾದ ಆ ಮೂಲೆ ಬಾಣಲೆಯ ಹಾಗಾಗಿತ್ತು. ಬೆನ್ನಿನ ದಿಂಬಿಗೆ ಇಷ್ಟೆಲ್ಲ ಬೇಡ, 23 ಅಥವಾ 28 ಸಾಕು.

ಬಿಸಿಲಿಗೂ ಫೋಮಿಗೂ ಏನು ಸಂಬಂಧ ಅನ್ನಿಸಬಹುದು. ಇದೆ. ಫೋಮ್ ಶಾಖವನ್ನು ಹೊರಕ್ಕೆ ಬಿಡುವುದಿಲ್ಲ. ಮೆತ್ತಗಿನ ಫೋಮಿನಲ್ಲಿ ನೀವು ಹೂತು ಹೋದಷ್ಟೂ ಮೈಯ ಹೆಚ್ಚು ಭಾಗ ಸೋಫಾಗೆ ತಾಗುತ್ತದೆ, ಗಾಳಿಯಾಡುವ ಜಾಗ ಕಡಿಮೆಯಾಗುತ್ತದೆ. ಸ್ವಲ್ಪ ಗಟ್ಟಿ ಸೀಟು ಅದೇ ಕಾರಣಕ್ಕೆ ತಂಪು. ಮೆಮೊರಿ ಫೋಮ್ ಅಂತ ಆಸೆ ತೋರಿಸುತ್ತಾರೆ. ಅದು ಮೈ ಬಿಸಿಗೆ ಇನ್ನೂ ಮೆತ್ತಗಾಗಿ ಮೈಯನ್ನು ಅಪ್ಪಿಕೊಳ್ಳುವ ಮಾಲು. ಚಳಿ ದೇಶಕ್ಕೆ ಸರಿ. ಮಂಡ್ಯದ ಮೇ ತಿಂಗಳಿಗೆ ಬೇಡ.

ತಕ್ಕಡಿಗೆ ಹಾಕಿ ನೋಡಿ

"40 ಡೆನ್ಸಿಟಿ" ಅಂತ ಹೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯಾರು ಬೇಕಾದರೂ ಹೇಳುತ್ತಾರೆ. ಆದರೆ ಇದು ತೂಕದ ಲೆಕ್ಕವಾದ್ದರಿಂದ ತರಕಾರಿ ತಕ್ಕಡಿಯಲ್ಲೇ ಪರೀಕ್ಷೆ ಮಾಡಬಹುದು.

ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ. ಬಂದದ್ದನ್ನು 1728ರಿಂದ ಭಾಗಿಸಿದರೆ ಎಷ್ಟು ಘನ ಅಡಿ ಅಂತ ಸಿಗುತ್ತದೆ. ಒಂದು ಘನ ಅಡಿ ಫೋಮ್ 40 ಡೆನ್ಸಿಟಿಯಾದರೆ ಸುಮಾರು 1 ಕಿಲೋ 130 ಗ್ರಾಂ ತೂಗಬೇಕು. 32 ಆದರೆ 900 ಗ್ರಾಂ. 28 ಆದರೆ 790 ಗ್ರಾಂ.

ನಮ್ಮ ಸೀಟಿನ ಅಳತೆ 24 ಇಂಚು ಉದ್ದ, 24 ಇಂಚು ಅಗಲ. ಫೋಮ್ 4 ಇಂಚು ದಪ್ಪ. ಗುಣಿಸಿದರೆ 2304. ಭಾಗಿಸಿದರೆ ಒಂದೂ ಕಾಲಿಗಿಂತ ಸ್ವಲ್ಪ ಜಾಸ್ತಿ, 1.33 ಘನ ಅಡಿ. ಅಂದರೆ 40 ಡೆನ್ಸಿಟಿ ತುಂಡು ಒಂದೂವರೆ ಕಿಲೋ ತೂಗಬೇಕು. ಮೊದಲು ಹೋದ ಅಂಗಡಿಯಲ್ಲಿ ಕತ್ತರಿಸಿಟ್ಟಿದ್ದ ತುಂಡೊಂದನ್ನು "ಇದು 40" ಅಂತ ತೋರಿಸಿದರು. ಪಕ್ಕದ ತರಕಾರಿ ಗಾಡಿಯ ತಕ್ಕಡಿಯ ಮೇಲೆ ಇಟ್ಟೆ. ಗಾಡಿಯವರು ನಕ್ಕರು. ತೂಕ 1 ಕಿಲೋ 100 ಗ್ರಾಂ. ಅಂದರೆ ಅದು ಹೆಚ್ಚುಕಮ್ಮಿ 29. ಐವತ್ತು ಅರವತ್ತು ಗ್ರಾಂ ಆಚೀಚೆ ಆದರೆ ಬಿಡಬಹುದು, ಫೋಮ್ ಕತ್ತರಿಸುವಾಗ ಅಷ್ಟು ವ್ಯತ್ಯಾಸ ಸಹಜ. ನಾನೂರು ಗ್ರಾಂ ಕಡಿಮೆ ಬಂದರೆ ಅದು ಬೇರೆಯೇ ಫೋಮ್. ದಪ್ಪವನ್ನೂ ಟೇಪ್ ಹಿಡಿದೇ ನೋಡಿ. ನಾಲ್ಕು ಇಂಚು ಅಂದದ್ದು ಎಷ್ಟೋ ಸಲ ಮೂರೂವರೆ ಇರುತ್ತದೆ.

ತಕ್ಕಡಿಗೂ ಒಂದು ಮಿತಿ ಇದೆ. ಕೆಲವು ಫೋಮಿಗೆ ತಯಾರಿಸುವಾಗಲೇ ಸೀಮೆಸುಣ್ಣದಂಥ ಪುಡಿ ಬೆರೆಸುತ್ತಾರೆ. ತೂಕ ಬರುತ್ತದೆ, ಶಕ್ತಿ ಬರುವುದಿಲ್ಲ. ಅದನ್ನು ಕಂಡುಹಿಡಿಯಲು ಅಂಚಿನ ಚೂರೊಂದನ್ನು ಬೆರಳಲ್ಲಿ ಕಿತ್ತು ನೋಡಿ. ಒಳ್ಳೇ ಫೋಮ್ ಎಳೆದಷ್ಟೂ ಹಿಗ್ಗಿ ಆಮೇಲೆ ಹರಿಯುತ್ತದೆ. ಪುಡಿ ಬೆರೆತದ್ದು ರಸ್ಕ್ ಹಾಗೆ ಪಟ್ಟನೆ ಮುರಿದು ಬೆರಳಿಗೆ ಧೂಳು ಹತ್ತುತ್ತದೆ. ಮುಷ್ಟಿಯಿಂದ ಒತ್ತಿ ಬಿಟ್ಟರೆ ತಕ್ಷಣ ಮೇಲೆ ಬರಬೇಕು. ಬೆರಳ ಗುರುತು ಉಳಿದು ನಿಧಾನಕ್ಕೆ ಎದ್ದರೆ ಬೇಡ.

ಇನ್ನೊಂದು ಹೆಸರು ಕೇಳುತ್ತೀರಿ, ರಿಬಾಂಡೆಡ್. ಫೋಮಿನ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು, ಬಣ್ಣ ಬಣ್ಣದ ಚುಕ್ಕೆ ಇರುತ್ತದೆ. ಅದರ ಡೆನ್ಸಿಟಿ 80, 100 ಅಂತ ಹೇಳಿದರೆ ಹಿಗ್ಗಬೇಡಿ. ಅದನ್ನು 40ರ ಜೊತೆ ಹೋಲಿಸಲು ಬರುವುದಿಲ್ಲ. ಕಲ್ಲಿನ ಹಾಗಿರುತ್ತದೆ, ಬೇಕಿದ್ದರೆ ತಳಕ್ಕೆ ಒಂದು ಇಂಚು ಹಾಕಬಹುದು.

ರೆಕ್ಸಿನ್

ರೆಕ್ಸಿನ್ ಅನ್ನುವುದು ಮೂಲದಲ್ಲಿ ಇಂಗ್ಲೆಂಡಿನ ಒಂದು ಕಂಪನಿಯ ಮಾಲಿನ ಹೆಸರು. ಈಗ ನಾವು ಚರ್ಮದ ಹಾಗೆ ಕಾಣುವ ಎಲ್ಲದಕ್ಕೂ ಅದನ್ನೇ ಹೇಳುತ್ತೇವೆ. ಅಂಗಡಿಯಲ್ಲಿ ಲೆದರೆಟ್, ಫಾಕ್ಸ್ ಲೆದರ್, ವೀಗನ್ ಲೆದರ್ ಅಂತ ಹೆಸರು ಬದಲಾಗುತ್ತದೆ, ರೇಟೂ ಬದಲಾಗುತ್ತದೆ. ಎಲ್ಲವೂ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಬಳಿದದ್ದೇ. ಆ ಪದರ ಎರಡು ಬಗೆ, ಪಿವಿಸಿ ಮತ್ತು ಪಿಯು.

ಪಿವಿಸಿ ದಪ್ಪ, ತಣ್ಣಗೆ ಜಾರುವ ಮೈ, ಬಸ್ಸಿನ ಸೀಟು ನೆನಪಿಗೆ ಬರುತ್ತದೆ. ಅದನ್ನು ಮೆತ್ತಗಿಡಲು ಒಂದು ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ವರ್ಷಗಳಲ್ಲಿ ಅದು ಹೊರಟುಹೋಗಿ ಹಾಳೆ ಬಿರುಸಾಗಿ ಸೀಳುತ್ತದೆ. ಪಿಯು ಇದಕ್ಕಿಂತ ಮೃದು, ಮುಟ್ಟಿದರೆ ಚರ್ಮದ ಹಾಗೇ ಇರುತ್ತದೆ. ಆದರೆ ಅದರ ಶತ್ರು ತೇವ ಮತ್ತು ಬಿಸಿ. ಗಾಳಿಯ ತೇವ, ಬೆವರು, ಶಾಖ ಮೂರೂ ಸೇರಿ ಪಿಯು ಪದರವನ್ನು ಒಳಗಿಂದಲೇ ಒಡೆಯುತ್ತವೆ. ಆಗ ಅದು ಕೆಳಗಿನ ಬಟ್ಟೆಯಿಂದ ಬಿಟ್ಟು ಚಕ್ಕೆಯಾಗಿ ಏಳುತ್ತದೆ. ಬಳಸದೆ ಮುಚ್ಚಿಟ್ಟ ಸೋಫಾ ಕೂಡ ಹೀಗೇ ಉದುರುತ್ತದೆ. ನಮ್ಮ ಊರಲ್ಲಿ ಏಪ್ರಿಲ್ ಬಿಸಿ ಮುಗಿಯುವಷ್ಟರಲ್ಲಿ ಜೂನಿನ ತೇವ ಬರುತ್ತದೆ, ಪಿಯುಗೆ ಬಿಡುವೇ ಇಲ್ಲ.

ನಮ್ಮದು ತಲೆ ಒರಗಿಸುವ ಕಡೆ ಮೊದಲು ಉದುರಿದ್ದಕ್ಕೆ ಇನ್ನೊಂದು ಕಾರಣ ಇತ್ತು. ನಮ್ಮತ್ತೆ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಅಲ್ಲೇ ಒರಗಿ ಕೂರುತ್ತಾರೆ. ತಲೆಯ ಎಣ್ಣೆ, ಬೆವರು ಎರಡೂ ಈ ಪದರವನ್ನು ಮೆತ್ತಗೆ ಮಾಡುತ್ತವೆ. ರೆಕ್ಸಿನ್ ಹಾಕಿಸುವುದೇ ಆದರೆ ತಲೆಯ ಜಾಗಕ್ಕೆ ಒಂದು ಹತ್ತಿ ಟವೆಲ್ ಹಾಸಿ. ನೋಡಲು ಚೆಂದ ಇಲ್ಲ, ಆದರೆ ಕೆಲಸ ಮಾಡುತ್ತದೆ.

ಎಲ್ಲರೂ ಸಾಕುಪ್ರಾಣಿ ಇರುವ ಮನೆಗೆ ರೆಕ್ಸಿನ್ನೇ ಸರಿ ಅನ್ನುತ್ತಾರೆ. ಒರೆಸಿದರೆ ಹೋಯಿತು ಅಲ್ವಾ ಅಂತ. ಅರ್ಧ ನಿಜ. ಕೂದಲು ಅಂಟುವುದಿಲ್ಲ, ಜೊಲ್ಲು ಒರೆಸಬಹುದು. ಆದರೆ ಉಚ್ಚೆ ಮೇಲೆ ನಿಲ್ಲುವುದಿಲ್ಲ. ಹೊಲಿಗೆಯ ಸಾಲಿನಲ್ಲಿ ಸೂಜಿ ಚುಚ್ಚಿದ ನೂರಾರು ತೂತು ಇರುತ್ತವೆ. ಸೀಟಿನ ತಗ್ಗಿನಿಂದ ಹರಿದು ಹೊಲಿಗೆಗೆ ಬಂದದ್ದು ನೇರ ಫೋಮಿಗೆ ಇಳಿಯುತ್ತದೆ. ಮೇಲಿಂದ ಎಲ್ಲಾ ಒಣಗಿದ ಹಾಗೆ ಕಾಣುತ್ತದೆ. ರೆಕ್ಸಿನ್ನನ್ನು ಚೌಕಟ್ಟಿಗೆ ಪಿನ್ ಹೊಡೆದು ಬಿಗಿದಿರುವುದರಿಂದ ಬಿಚ್ಚಿ ತೊಳೆಯಲೂ ಆಗುವುದಿಲ್ಲ. ನಮ್ಮ ಸೋಫಾ ಬಿಚ್ಚಿದ ದಿನ ಬಂದ ವಾಸನೆಗೆ ಕುಶನ್ ಅಣ್ಣ ಮುಖಕ್ಕೆ ಟವೆಲ್ ಕಟ್ಟಿಕೊಂಡರು. ಮೂರು ವರ್ಷದ ಹಿಂದೆ ಕರಿಯ ಮರಿಯಾಗಿದ್ದಾಗಿನ ಲೆಕ್ಕ ಅದು.

ಉಗುರಿನ ವಿಷಯದಲ್ಲೂ ರೆಕ್ಸಿನ್ ಕಷ್ಟ. ಬೆಕ್ಕು ಒಂದು ಸಲ ಉಗುರು ಚುಚ್ಚಿದರೆ ತೂತು ಉಳಿಯುತ್ತದೆ, ಆ ತೂತಿನಿಂದ ಸೀಳು ಬೆಳೆಯುತ್ತದೆ.

ಆದರೂ ರೆಕ್ಸಿನ್ ಸರಿಹೊಂದುವ ಜಾಗ ಇದೆ. ಮಂಡ್ಯದಲ್ಲಿರುವ ನಮ್ಮಕ್ಕನ ಮನೆಯ ಜಗಲಿಯಲ್ಲಿ ಒಂದು ಬೆಂಚು ಸೀಟು ಇದೆ. ಬೆಲ್ಲದ ಕಾಲದಲ್ಲಿ ಆಲೆಮನೆ ಕಡೆಯಿಂದ ಬೂದಿ, ಮಸಿ ಹಾರಿ ಬಂದು ಕೂರುತ್ತದೆ. ಅಲ್ಲಿ ಯಾರೂ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರುವುದಿಲ್ಲ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅದಕ್ಕೆ ಪಿವಿಸಿ ರೆಕ್ಸಿನ್ನೇ ಸರಿ. ಅವಳು ಅದನ್ನೇ ಹಾಕಿಸಿದ್ದಾಳೆ, ನಾನೂ ಬೇಡ ಅನ್ನಲಿಲ್ಲ.

ಚರ್ಮ

ನಿಜವಾದ ಚರ್ಮ ರೆಕ್ಸಿನ್ನಿಗಿಂತ ಬಹಳ ಬೇರೆ. ಅದು ನಾರಿನ ಜಾಲ, ಬೆವರಿನ ಆವಿಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಹತ್ತು ನಿಮಿಷ ಕೂತರೆ ಮೈಯ ಬಿಸಿಗೆ ಹೊಂದಿಕೊಳ್ಳುತ್ತದೆ. ಆದರೆ ಎಷ್ಟು ಉಸಿರಾಡುತ್ತದೆ ಅನ್ನುವುದು ಮೇಲಿನ ಬಣ್ಣದ ಪದರದ ಮೇಲಿದೆ. ಅನಿಲೀನ್ ಅಂತ ಕರೆಯುವ ಚರ್ಮಕ್ಕೆ ಬರೀ ಬಣ್ಣದ ನೀರು ಹತ್ತಿಸಿರುತ್ತಾರೆ, ಗೆರೆ ರಂಧ್ರ ಎಲ್ಲಾ ಕಾಣುತ್ತವೆ, ಅದೇ ಹೆಚ್ಚು ತಂಪು. ಆದರೆ ನಾಯಿಯ ಜೊಲ್ಲಿನ ಒಂದು ಹನಿಯೂ ಅದರ ಮೇಲೆ ಕಲೆಯಾಗಿ ಉಳಿಯುತ್ತದೆ. ಪಿಗ್ಮೆಂಟೆಡ್ ಚರ್ಮಕ್ಕೆ ಮೇಲೆ ಗಟ್ಟಿ ಬಣ್ಣದ ಪದರ ಇರುತ್ತದೆ. ಕಲೆ ಹಿಡಿಯುವುದಿಲ್ಲ, ಸಣ್ಣ ಗೀರು ಬಿದ್ದರೆ ಬಣ್ಣ ಹಚ್ಚಿ ಸರಿಮಾಡಬಹುದು, ಆದರೆ ಬೇಸಿಗೆಯಲ್ಲಿ ಅದೂ ಕೊಂಚ ಅಂಟುತ್ತದೆ. ಅಂದರೆ ಬಿಸಿಲಿಗೆ ಬೇಕಾದ ಚರ್ಮ ಒಂದು, ನಾಯಿಗೆ ಬೇಕಾದ ಚರ್ಮ ಇನ್ನೊಂದು.

ನಾಯಿಯ ಉಗುರಿನ ಗೀರು ಚರ್ಮದ ಮೇಲೆ ಬೀಳುತ್ತದೆ, ಆದರೆ ಸೀಳುವುದಿಲ್ಲ. ಕೆಲವರಿಗೆ ಹಾಗೆ ಹಳತಾದ ಚರ್ಮವೇ ಇಷ್ಟ. ಬೆಕ್ಕಿನ ವಿಷಯ ಬೇರೆ. ಚರ್ಮ ಅದರ ಉಗುರಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಸೋಫಾದ ಕೈ ಮತ್ತು ಹಿಂಬದಿ ಅದಕ್ಕೆ ಮರದ ಕಾಂಡ ಇದ್ದ ಹಾಗೆ.

ಜೂನ್‌ನಿಂದ ಅಕ್ಟೋಬರ್ ತನಕ ಇನ್ನೊಂದು ತೊಂದರೆ, ಬೂಷ್ಟು. ಬಾಗಿಲು ಹಾಕಿ ಎರಡು ವಾರ ಊರಿಗೆ ಹೋಗಿ ಬಂದರೆ ಬಿಳಿ ಪುಡಿ ಹರಡಿರುತ್ತದೆ. ಗೋಡೆಗೆ ತಾಗಿಸಿ ಇಡಬಾರದು, ಒಂದು ಗೇಣು ಜಾಗ ಬಿಡಬೇಕು. ಬೇಸಿಗೆಯಲ್ಲಿ ಕಿಟಕಿಯ ಬಿಸಿಲು ಬಿದ್ದರೆ ಒಣಗಿ ಬಿರಿಯುತ್ತದೆ. ವರ್ಷಕ್ಕೆ ಎರಡು ಸಲ ಚರ್ಮಕ್ಕೆಂದೇ ಬರುವ ಕಂಡಿಷನರ್ ಹಚ್ಚಬೇಕು. ನಮ್ಮ ಪಶ್ಚಿಮದ ಕಿಟಕಿ ನೋಡಿಯೇ ಚರ್ಮದ ಆಸೆ ಬಿಟ್ಟೆ.

ಕೊಳ್ಳುವವರು "ಬಾಂಡೆಡ್ ಲೆದರ್" ಅನ್ನುವ ಪದದ ಬಗ್ಗೆ ಎಚ್ಚರವಾಗಿರಿ. ಚರ್ಮದ ಚೂರುಗಳನ್ನು ಅರೆದು, ಅಂಟಿನಲ್ಲಿ ಕಲಸಿ, ಮೇಲೆ ಪಿಯು ಬಳಿದದ್ದು ಅದು. ಹೆಸರಲ್ಲಿ ಚರ್ಮ ಇದೆ, ಆದರೆ ಪಿಯು ರೆಕ್ಸಿನ್ನಿನ ಹಾಗೇ ಉದುರುತ್ತದೆ. ಸ್ಯಾಂಪಲ್ ತುಂಡಿನ ಹಿಂಬದಿ ನೋಡಿ. ನಿಜವಾದ ಚರ್ಮದ ಹಿಂಬದಿ ಒರಟಾಗಿ, ನಾರು ನಾರಾಗಿರುತ್ತದೆ. ಹೆಣೆದ ಬಟ್ಟೆ ಕಂಡರೆ ಅದು ನಿಜವಾದ ಚರ್ಮ ಅಲ್ಲ. ಬಾಂಡೆಡ್ ಆದರೆ ಕತ್ತರಿಸಿದ ಅಂಚಿನಲ್ಲಿ ಉದ್ದ ನಾರು ಕಾಣುವುದಿಲ್ಲ. ಲೈಟರ್ ಹಚ್ಚಿ ತೋರಿಸುತ್ತೇವೆ ಅನ್ನುವವರೂ ಇದ್ದಾರೆ. ಅದು ಬೇಡ, ಮೇಲಿನ ಬಣ್ಣದ ಪದರ ಹೇಗೂ ಸುಡುತ್ತದೆ. ಇನ್ನೊಂದು ಕೇಳಿ ತಿಳಿಯಬೇಕಾದ್ದು: ಎಷ್ಟೋ ಸೋಫಾಗಳಿಗೆ ಮೈ ತಾಗುವ ಕಡೆ ಮಾತ್ರ ಚರ್ಮ, ಪಕ್ಕ ಮತ್ತು ಹಿಂಬದಿಗೆ ರೆಕ್ಸಿನ್ ಹಾಕಿರುತ್ತಾರೆ. ಮೋಸ ಅಲ್ಲ, ಹೇಳಿ ಮಾರಿದರೆ.

ಬಟ್ಟೆ

ನಾನು ಕೊನೆಗೆ ಬಟ್ಟೆಗೆ ಬಂದೆ. ಆದರೆ ಬಟ್ಟೆ ಅಂದರೆ ಒಂದಲ್ಲ, ಇಲ್ಲಿ ತಪ್ಪಿದರೆ ರೆಕ್ಸಿನ್ನಿಗಿಂತ ಬೇಗ ಹಾಳಾಗುತ್ತದೆ.

ಬೆಕ್ಕಿರುವ ಮನೆಯಲ್ಲಿ ಮೊದಲು ನೋಡಬೇಕಾದ್ದು ನೇಯ್ಗೆ. ಶನೀಲ್ ಹಾಗೆ ಉಬ್ಬಿದ ಎಳೆ, ಟವೆಲ್ ಹಾಗೆ ಕುಣಿಕೆ ಎದ್ದ ಬಟ್ಟೆ, ಸೆಣಬಿನ ಹಾಗೆ ಸಡಿಲ ನೇಯ್ದದ್ದು, ಇವೆಲ್ಲ ಬೆಕ್ಕಿಗೆ ಹಬ್ಬ. ಉಗುರು ಕುಣಿಕೆಗೆ ಸಿಕ್ಕಿ ಎಳೆ ಎದ್ದು ಬರುತ್ತದೆ. ಹಾಸು ಹೊಕ್ಕು ಎರಡೂ ಬಿಗಿಯಾಗಿ, ಸಪಾಟಾಗಿ ನೇಯ್ದ ಬಟ್ಟೆಯಲ್ಲಿ ಉಗುರಿಗೆ ಸಿಕ್ಕಿಕೊಳ್ಳಲು ಏನೂ ಇರುವುದಿಲ್ಲ. ಒಂದೆರಡು ಸಲ ಕೆರೆದು ಬೆಕ್ಕು ಬೇಜಾರಾಗಿ ಹೋಗುತ್ತದೆ. ಗಿಡ್ಡ ನವಿರಿನ ವೆಲ್ವೆಟ್ ಮತ್ತು ಸ್ವೇಡ್ ಹಾಗಿರುವ ಮೈಕ್ರೋಫೈಬರ್ ಕೂಡ ಉಗುರನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಎರಡಕ್ಕೂ ಕೂದಲು ಹತ್ತುತ್ತದೆ, ಮೇ ತಿಂಗಳಲ್ಲಿ ಎರಡೂ ಬಿಸಿ.

ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆ ಇಷ್ಟೇ. ಸ್ಯಾಂಪಲ್ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಜರಡಿಯ ಹಾಗೆ ಬೆಳಕು ಬಂದರೆ ಪಕ್ಕಕ್ಕಿಟ್ಟೆ. ಸೇಫ್ಟಿ ಪಿನ್ನಿನ ತುದಿಯನ್ನು ಮೆಲ್ಲಗೆ ಎಳೆದೆ. ಎಳೆ ಎದ್ದರೆ ಅದನ್ನೂ ಬಿಟ್ಟೆ. ಹನ್ನೆರಡು ಸ್ಯಾಂಪಲ್‌ನಲ್ಲಿ ಉಳಿದದ್ದು ಮೂರು.

ಕ್ಯಾಟಲಾಗಿನ ಹಿಂದೆ ಮಾರ್ಟಿಂಡೇಲ್ ಅಂತ ಒಂದು ಸಂಖ್ಯೆ ಇರುತ್ತದೆ, ಇಲ್ಲದಿದ್ದರೆ ಕೇಳಿ. ಯಂತ್ರವೊಂದು ಬಟ್ಟೆಯ ಮೇಲೆ ಉಣ್ಣೆ ಬಟ್ಟೆಯನ್ನು ಉಜ್ಜುತ್ತಾ ಹೋಗುತ್ತದೆ. ಎಳೆ ಸವೆದು ಹರಿಯುವ ತನಕ ಎಷ್ಟು ಸಲ ಉಜ್ಜಬಹುದು ಅನ್ನುವುದೇ ಆ ಲೆಕ್ಕ. ಮನೆಯ ಬಳಕೆಗೆ 20,000 ಸಾಕು. ನಾಯಿ ದಿನಾ ಹತ್ತಿ ಇಳಿಯುವುದಾದರೆ 30,000 ದಾಟಿರಲಿ. ಆದರೆ ಅದು ಉಜ್ಜಿದರೆ ಸವೆಯುವ ಲೆಕ್ಕ ಮಾತ್ರ. ಬೆಕ್ಕಿನ ಉಗುರಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಅದಕ್ಕೆ ಸೇಫ್ಟಿ ಪಿನ್ನೇ ಗತಿ.

ನೂಲಿನ ವಿಷಯಕ್ಕೆ ಬಂದರೆ, ಬರೀ ಹತ್ತಿ ಎಲ್ಲಕ್ಕಿಂತ ತಂಪು. ಬೆವರು ಹೀರುತ್ತದೆ, ಮೈಗೆ ಅಂಟುವುದಿಲ್ಲ. ಆದರೆ ಕಲೆ ಬೇಗ ಹಿಡಿಯುತ್ತದೆ, ಒಗೆದರೆ ಕುಗ್ಗುತ್ತದೆ, ಬಿಸಿಲಿಗೆ ಬಣ್ಣ ಹೋಗುತ್ತದೆ. ಬರೀ ಪಾಲಿಯೆಸ್ಟರ್ ಗಟ್ಟಿ, ಬೇಗ ಒಣಗುತ್ತದೆ. ಆದರೆ ಒಣ ಹವೆಯಲ್ಲಿ ಅದರ ಮೈಗೆ ಸಣ್ಣ ವಿದ್ಯುತ್ ಹುಟ್ಟಿ ನಾಯಿಯ ಕೂದಲನ್ನೆಲ್ಲಾ ಎಳೆದುಕೊಳ್ಳುತ್ತದೆ. ನಾನು ಆರಿಸಿದ್ದು ಎರಡೂ ಬೆರೆತ, ಸಪಾಟು ನೇಯ್ಗೆಯ ಬಟ್ಟೆ. ಬಣ್ಣ ಕರಿಯನ ಕೂದಲಿಗೆ ಹತ್ತಿರದ ಬೂದು ಕಂದು. ಕೆನೆ ಬಣ್ಣ ಬೇಕು ಅಂತ ಮಗಳು ಹಟ ಹಿಡಿದಿದ್ದಳು. ಕರಿಯನ ಕೂದಲು ಒಂದು ಹಿಡಿ ತೆಗೆದು ಆ ಸ್ಯಾಂಪಲ್ ಮೇಲೆ ಉದುರಿಸಿ ತೋರಿಸಿದೆ, ಸುಮ್ಮನಾದಳು.

ಉಚ್ಚೆಯ ಸಮಸ್ಯೆಗೆ ಒಳಚೀಲ

ಬಟ್ಟೆಯ ದೊಡ್ಡ ಕೊರತೆ ನೀರು ಒಳಗಿಳಿಯುವುದು. ಇದಕ್ಕೆ ಕುಶನ್ ಅಣ್ಣ ಹೇಳಿದ ಉಪಾಯ ನನಗೆ ತುಂಬಾ ಹಿಡಿಸಿತು. ಫೋಮಿಗೂ ಹೊರಗಿನ ಬಟ್ಟೆಗೂ ನಡುವೆ ಇನ್ನೊಂದು ಚೀಲ ಹೊಲಿಸುವುದು. ಹಾಸಿಗೆಗೆ ಹಾಕುವ ವಾಟರ್‌ಪ್ರೂಫ್ ಪ್ರೊಟೆಕ್ಟರ್ ಇದೆಯಲ್ಲ, ಮೇಲೆ ಬಟ್ಟೆ, ಕೆಳಗೆ ತೆಳ್ಳನೆ ಪೊರೆ ಇರುವಂಥದ್ದು, ಅದೇ ಮಾಲು. ಆದರೆ ಆರೂ ಕಡೆ ಅದನ್ನೇ ಹಾಕಿದರೆ ಕೂತಾಗ ಗಾಳಿ ಹೊರಗೆ ಹೋಗದೆ ದಿಂಬು ಬಲೂನಿನ ಹಾಗೆ ಉಬ್ಬುತ್ತದೆ. ಅದಕ್ಕೆ ಮೇಲೆ ಮತ್ತು ಸುತ್ತಲೂ ಪೊರೆ, ತಳಕ್ಕೆ ಮಾತ್ರ ಕೋರಾ ಬಟ್ಟೆ. ಸೀಟಿನ ಕೆಳಗಿನ ಪ್ಲೈವುಡ್ ಹಲಗೆಗೂ ಅಲ್ಲಲ್ಲಿ ಒಂದು ಇಂಚಿನ ತೂತು ಕೊರೆಸಿದೆವು. ಕೂತರೆ ಗಾಳಿ ಕೆಳಗೆ ಹೋಗುತ್ತದೆ, ಎದ್ದರೆ ಒಳಗೆ ಬರುತ್ತದೆ. ಪೊರೆಯಿಂದ ಸೀಟು ತುಸು ಬಿಸಿಯಾಗುವುದು ನಿಜ. ಮೇಲಿನ ಬಟ್ಟೆ ಬೆವರು ಹೀರುವುದರಿಂದ ಅಷ್ಟು ಗೊತ್ತಾಗುವುದಿಲ್ಲ.

ಪೊರೆ ಇದ್ದರೂ ತಕ್ಷಣ ಕೆಲಸ ಮಾಡಬೇಕು. ಒಣ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಹೊರಚೀಲ ಬಿಚ್ಚಿ ತಣ್ಣೀರಲ್ಲಿ ನೆನೆಸಿ. ಬಿಸಿನೀರು ಬೇಡ, ವಾಸನೆ ಎಳೆಗೆ ಕೂತುಬಿಡುತ್ತದೆ. ಆಮೇಲೆ ಎನ್‌ಜೈಮ್ ಇರುವ ಪೆಟ್ ಕ್ಲೀನರ್ ಹಾಕಿ ಬಾಟಲಿಯಲ್ಲಿ ಬರೆದಷ್ಟು ಹೊತ್ತು ಬಿಡಿ. ಫಿನಾಯಿಲ್ ಮಾತ್ರ ಹಾಕಲೇಬೇಡಿ. ಬೆಕ್ಕು ಪಾದ ನೆಕ್ಕುತ್ತದೆ, ಫಿನಾಯಿಲ್ ಅದಕ್ಕೆ ವಿಷ. ಒಂದು ವೇಳೆ ಫೋಮಿಗೇ ಇಳಿದಿದ್ದರೆ ಬಚ್ಚಲಲ್ಲಿ ನೀರು ಹಾಕಿ ತುಳಿದು ಹಿಂಡಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಎರಡು ದಿನ ಬೇಕು. ತಾರಸಿಯ ಬಿಸಿಲಿಗೆ ಇಟ್ಟರೆ ಫೋಮ್ ಹಳದಿಯಾಗಿ ಪುಡಿಯಾಗಲು ಶುರುವಾಗುತ್ತದೆ.

ನಮ್ಮ ಲೆಕ್ಕ

ಮೂರು ಸೀಟಿನ ಸೋಫಾ. ಪ್ರತಿ ಸೀಟಿಗೆ 4 ಇಂಚು 40 ಡೆನ್ಸಿಟಿ ಗಟ್ಟಿ ಫೋಮ್, ಅದರ ಮೇಲೆ 1 ಇಂಚು 28ರ ಮೆತ್ತಗಿನದು. ಮೇಲಿನ ಇಂಚು ಮೈಗೆ ಹಿತ, ಭಾರ ಹೊರುವುದು ಕೆಳಗಿನದು. ಬೆನ್ನಿಗೆ 23.

ಸೋಫಾ ಬಟ್ಟೆಯ ಪನ್ನ 54 ಇಂಚು. 24 ಇಂಚಿನ ಸೀಟಿಗೆ ಹೊಲಿಗೆ ಬಿಟ್ಟು 26 ಇಂಚಿನ ಎರಡು ತುಂಡು ಬೇಕು, ಮೇಲೊಂದು ಕೆಳಗೊಂದು. ಅವೆರಡೂ ಪನ್ನದಲ್ಲಿ ಅಕ್ಕಪಕ್ಕ ಕೂರುತ್ತವೆ. ಸುತ್ತಲಿನ ಪಟ್ಟಿ ಸೇರಿಸಿ ಒಂದು ಸೀಟಿಗೆ ಹತ್ತಿರ ಹತ್ತಿರ ಒಂದು ಮೀಟರ್. ಮೂರು ಸೀಟು, ಮೂರು ಬೆನ್ನು ಸೇರಿ 6 ಮೀಟರ್. ಕೈ, ಹಿಂಬದಿ, ಮುಂದಿನ ಪಟ್ಟಿಗೆ ಮೂರೂವರೆ. ಒಟ್ಟು ಒಂಬತ್ತೂವರೆ. ಗೆರೆ ಅಥವಾ ದೊಡ್ಡ ಹೂವಿನ ಡಿಸೈನ್ ಆದರೆ ಹೊಂದಿಸಲು ಇನ್ನೂ ಜಾಸ್ತಿ ಬೇಕು. ನಾನು ಸೀಟಿಗೆ ಇನ್ನೊಂದು ಜೊತೆ ಚೀಲ ಹೊಲಿಸಿದೆ, ಅದಕ್ಕೆ 3 ಮೀಟರ್. ಒಂದು ಒಗೆಯಲು ಹೋದಾಗ ಇನ್ನೊಂದು ಹಾಕಬಹುದು, ಮಳೆಗಾಲದಲ್ಲಿ ಇದು ಬೇಕೇ ಬೇಕು. ಮೇಲೆ ಒಂದು ಮೀಟರ್ ಸುಮ್ನೆ ಮಿಗಿಸಲು. ಹೀಗೆ ಹದಿಮೂರೂವರೆ ಮೀಟರ್ ತಂದು, ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಟ್ಟೆ. ಹತ್ತಿ ಬೆರೆತ ಬಟ್ಟೆಯನ್ನು ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಚೀಲ ಕುಗ್ಗಿ ಜಿಪ್ ಹಾಕಲು ಬರುವುದಿಲ್ಲ.

ಜಿಪ್ಪನ್ನು ಹಿಂಬದಿಯ ಉದ್ದಕ್ಕೂ, ಎರಡೂ ಮೂಲೆ ದಾಟಿ ಒಂದು ಗೇಣು ಬರುವ ಹಾಗೆ ಹಾಕಿಸಿ. ಚಿಕ್ಕ ಜಿಪ್ ಹಾಕಿದರೆ ಐದು ಇಂಚಿನ ಫೋಮನ್ನು ತೆಗೆದು ಹಾಕುವಷ್ಟರಲ್ಲಿ ಸಾಕಾಗಿಹೋಗುತ್ತದೆ, ಆಮೇಲೆ ಒಗೆಯುವುದನ್ನೇ ಬಿಡುತ್ತೀರಿ.

ಮಿಕ್ಕ ಒಂದು ಮೀಟರ್ ಬೀರುವಿನಲ್ಲಿದೆ. ಅದೇ ಬಟ್ಟೆ ಎರಡು ವರ್ಷ ಬಿಟ್ಟು ಕೇಳಿದರೆ ಬಣ್ಣದ ಹದ ಬೇರೆ ಬರುತ್ತದೆ. ನಮ್ಮ ಬೆಕ್ಕು ಪುಟ್ಟಿ ಸೀಟನ್ನು ಮುಟ್ಟಿಲ್ಲ, ಆದರೆ ಸೋಫಾದ ಎಡಗೈಯ ಕೆಳಗಿನ ಮೂಲೆಗೆ ದಿನಾ ಬೆಳಿಗ್ಗೆ ಉಗುರು ಹಚ್ಚುತ್ತಾಳೆ. ಅಲ್ಲಿಗೆ ಈಗ ನಾರಿನ ಕಾಲೊರೆಸು ಒಂದನ್ನು ನಿಲ್ಲಿಸಿ ಕಟ್ಟಿದ್ದೇನೆ. ಕಾಲೊರೆಸು ಮುಗಿದ ಮೇಲೆ ಆ ಒಂದು ಮೀಟರ್ ಹೊರಗೆ ಬರುತ್ತದೆ.